ನಡುಗಂಬದ ಮೊದಲ ಬಿಲ್ಲೆ

ನೆಟ್ಟಗೆ ನಿಲ್ಲಿಸಿದ ನೀಲಿ ಪ್ಲಾಸ್ಟಿಕ್ ಚೌಕಟ್ಟು, ಅದರಲ್ಲಿ ಏಳು ಕಂಬ, ಒಂದೊಂದು ಕಂಬದಲ್ಲಿ ಆರು ಮನೆ. ಒಬ್ಬರ ಕೈಯಲ್ಲಿ ಕೆಂಪು ಬಿಲ್ಲೆಗಳು, ಇನ್ನೊಬ್ಬರ ಕೈಯಲ್ಲಿ ಹಳದಿ. ಸರದಿಯಂತೆ ಮೇಲಿನಿಂದ ಒಂದೊಂದು ಬಿಲ್ಲೆ ಬಿಡಬೇಕು. ಅದು ಜಾರಿ ಆ ಕಂಬದಲ್ಲಿ ಖಾಲಿಯಿರುವ ಅತಿ ಕೆಳಗಿನ ಮನೆಯಲ್ಲಿ ಕೂರುತ್ತದೆ. ಅಡ್ಡಕ್ಕೋ, ನೆಟ್ಟಗೋ, ಓರೆಗೋ ತನ್ನ ಬಣ್ಣದ ನಾಲ್ಕು ಬಿಲ್ಲೆಗಳನ್ನು ಒತ್ತಾಗಿ ಕೂರಿಸಿದವರು ಗೆದ್ದರು. ಮಿಲ್ಟನ್ ಬ್ರ್ಯಾಡ್ಲಿ ಎಂಬ ಅಮೆರಿಕದ ಕಂಪನಿ 1974ರಲ್ಲಿ ‘ಕನೆಕ್ಟ್ ಫೋರ್’ ಹೆಸರಿನಲ್ಲಿ ಮಾರುಕಟ್ಟೆಗೆ ತಂದ ಈ ಆಟ ಇವತ್ತು ನಮ್ಮ ಊರುಗಳ ಆಟಿಕೆ ಅಂಗಡಿಗಳಲ್ಲೂ ಸಿಗುತ್ತದೆ.

ಈ ಆಟದ ಗುಟ್ಟು ರಟ್ಟಾಗಿ ಮೂರು ದಶಕಗಳ ಮೇಲಾಯಿತು. ಮೊದಲು ಆಡುವವರು ತಮ್ಮ ಮೊದಲ ಬಿಲ್ಲೆಯನ್ನು ನಟ್ಟನಡುವಿನ ಕಂಬಕ್ಕೆ ಬಿಟ್ಟು, ಆಮೇಲೆ ಎಲ್ಲೂ ತಪ್ಪದೆ ಆಡಿದರೆ, ಎದುರಿಗೆ ಎಂಥ ಚತುರರು ಕೂತಿದ್ದರೂ ಗೆಲುವು ಖಚಿತ. ನಡುಗಂಬ ಬಿಟ್ಟು ಬೇರೆಲ್ಲಿ ಶುರು ಮಾಡಿದರೂ ಈ ಖಾತರಿ ಇಲ್ಲ. ಹಾಗಾದರೆ ಆ ಒಂದು ಕಂಬದಲ್ಲಿ ಏನಿದೆ?

‘ನಡುವೆ ಕೂತರೆ ಎಲ್ಲ ದಿಕ್ಕಿಗೂ ದಾರಿ’ ಎಂದು ಹೇಳಿ ಮುಗಿಸುವವರು ಬಹಳ. ಮಾತು ಸುಳ್ಳಲ್ಲ, ಆದರೆ ಅರ್ಧ ಮಾತು. ಅದನ್ನು ಮೊದಲು ನೋಡಿಬಿಡೋಣ, ಎಣಿಸಿಯೇ ನೋಡೋಣ.

ಕಂಬಗಳಿಗೆ ಎಡದಿಂದ ಬಲಕ್ಕೆ 1ರಿಂದ 7ರವರೆಗೆ ಅಂಕಿ ಕೊಡಿ. ನಡುಗಂಬ 4ನೆಯದು. ಮನೆಗಳನ್ನು ಕೆಳಗಿನಿಂದ ಮೇಲಕ್ಕೆ ಎಣಿಸಿ. ಈ 42 ಮನೆಗಳ ಚೌಕಟ್ಟಿನಲ್ಲಿ ನಾಲ್ಕು ಬಿಲ್ಲೆಗಳ ಸಾಲು ಎಷ್ಟು ರೀತಿಯಲ್ಲಿ ಬೀಳಬಹುದು? ಅಡ್ಡಕ್ಕೆ 24, ನೆಟ್ಟಗೆ 21, ಎರಡೂ ಕಡೆಯ ಓರೆಗಳು ಸೇರಿ 24. ಒಟ್ಟು 69. ಗೆಲ್ಲುವ ದಾರಿ ಇಷ್ಟೇ, ಒಂದು ಹೆಚ್ಚಿಲ್ಲ, ಒಂದು ಕಡಿಮೆಯಿಲ್ಲ.

ಈಗ ಯಾವುದಾದರೂ ಒಂದು ಅಡ್ಡಸಾಲು ತೆಗೆದುಕೊಳ್ಳಿ. ಅದು ಒತ್ತಾಗಿರುವ ನಾಲ್ಕು ಕಂಬಗಳನ್ನು ಹಾದುಹೋಗಬೇಕು. 1ನೇ ಕಂಬದಿಂದ ಹೊರಟರೆ 4ಕ್ಕೆ ಮುಗಿಯುತ್ತದೆ. 7ರಿಂದ ಹಿಂದಕ್ಕೆ ಬಂದರೂ 4ಕ್ಕೇ ಮುಗಿಯುತ್ತದೆ. ಏಳು ಕಂಬಗಳಲ್ಲಿ 4ನ್ನು ಮುಟ್ಟದೆ ನಾಲ್ಕು ಕಂಬ ದಾಟಲು ಸಾಧ್ಯವೇ ಇಲ್ಲ. ಓರೆ ಸಾಲಿಗೂ ಇದೇ ಕಟ್ಟಳೆ, ಅದೂ ನಾಲ್ಕು ಕಂಬಗಳ ಮೇಲೆಯೇ ಹತ್ತಬೇಕಲ್ಲ. ಅಂದರೆ ನೆಟ್ಟಗೆ ಪೇರಿಸುವ ಸಾಲುಗಳನ್ನು ಬಿಟ್ಟರೆ ಉಳಿದ 48 ಸಾಲುಗಳಿಗೂ ನಡುಗಂಬದ ಒಂದು ಮನೆ ಬೇಕೇ ಬೇಕು. ನಡುಗಂಬದ ಆರೂ ಮನೆಗಳನ್ನು ಎದುರಾಳಿಗೆ ಬಿಟ್ಟುಕೊಟ್ಟವರಿಗೆ ಅಡ್ಡ ಸಾಲೂ ಇಲ್ಲ, ಓರೆ ಸಾಲೂ ಇಲ್ಲ. (ಆರನ್ನೂ ಯಾರೂ ಬಿಡುವುದಿಲ್ಲ ಅನ್ನಿ, ಅಷ್ಟರೊಳಗೆ ಅಲ್ಲೇ ನೆಟ್ಟಗೆ ನಾಲ್ಕಾಗಿ ಆಟ ಮುಗಿದಿರುತ್ತದೆ.)

ಮನೆಮನೆಯ ಲೆಕ್ಕವೂ ಇದನ್ನೇ ಹೇಳುತ್ತದೆ. ಮೂಲೆಯ ಕೆಳಮನೆ ಬರೀ 3 ಸಾಲುಗಳಲ್ಲಿ ಬರುತ್ತದೆ. ಅದರ ಪಕ್ಕದ್ದು 4, ಮುಂದಿನದು 5, ನಡುಗಂಬದ ಕೆಳಮನೆ 7. ಆಟ ಶುರುವಾದಾಗ ಬಿಲ್ಲೆ ಕೂರಬಹುದಾದ ಮನೆಗಳು ಈ ಕೆಳಸಾಲಿನ ಏಳೇ. ಅವುಗಳಲ್ಲಿ ಹೆಚ್ಚು ದಾರಿ ತೆರೆಯುವುದು ನಡುವಿನದು.

ಇದರ ಲಾಭ ಹೇಗೆ ಕಾಣುತ್ತದೆಂದು ಹೊಸಬರು ಸಿಕ್ಕಿಬೀಳುವ ಒಂದು ಬಲೆಯಲ್ಲಿ ನೋಡಿ. ಕೆಂಪು 4ನೇ ಕಂಬಕ್ಕೆ ಬಿಟ್ಟಿತು. ಹಳದಿ ಅದರ ನೆತ್ತಿಯ ಮೇಲೆಯೇ ಕೂತಿತು. ಕೆಂಪು ಈಗ 5ನೇ ಕಂಬಕ್ಕೆ ಬಿಡುತ್ತದೆ. ಕೆಳಸಾಲಿನಲ್ಲಿ ಎರಡೇ ಕೆಂಪು ಬಿಲ್ಲೆ, ಅವಸರವೇನಿಲ್ಲ ಎಂದುಕೊಂಡು ಹಳದಿ ಮತ್ತೆ ಅದರ ತಲೆಯ ಮೇಲೆ ಕೂತರೆ ಕತೆ ಮುಗಿಯಿತು. ಕೆಂಪು 3ಕ್ಕೆ ಬಿಟ್ಟರೆ 3, 4, 5 ಸಾಲಾಗಿ ನಿಂತವು; 2 ಮತ್ತು 6 ಎರಡೂ ಖಾಲಿ. ಹಳದಿ ಒಂದು ಕಡೆ ಅಡ್ಡ ಹಾಕಿದರೆ ಕೆಂಪು ಇನ್ನೊಂದು ಕಡೆ ಗೆಲ್ಲುತ್ತದೆ. ಎರಡು ಬಿಲ್ಲೆ ಇದ್ದಾಗಲೇ ಹಳದಿ 3ಕ್ಕೋ 6ಕ್ಕೋ ಬಂದು ತಡೆಯಬೇಕಿತ್ತು. ‘ಅಷ್ಟು ಹತ್ತಿರ ಯಾಕೆ, 2ಕ್ಕೆ ಹಾಕುತ್ತೇನೆ’ ಅಂದರೂ ಉಳಿಗಾಲವಿಲ್ಲ: ಕೆಂಪು 6ಕ್ಕೆ ಬಿಟ್ಟು 4, 5, 6 ಮಾಡಿಕೊಳ್ಳುತ್ತದೆ, 3 ಮತ್ತು 7 ತೆರೆದಿರುತ್ತವೆ. ಇದೇ ಆಟವನ್ನು ಕೆಂಪು 1ನೇ ಕಂಬದಿಂದ ಶುರು ಮಾಡಿದ್ದರೆ ಈ ಬಲೆಗೆ ಜಾಗವೇ ಇರುತ್ತಿರಲಿಲ್ಲ. ಗೋಡೆ ಒಂದು ಬದಿಯನ್ನು ಮೊದಲೇ ಮುಚ್ಚಿರುತ್ತದೆ.

ಆದರೆ ಸ್ವಲ್ಪ ಪಳಗಿದ ಆಟಗಾರರು ಇಂಥ ಬಲೆಗೆ ಬೀಳುವುದಿಲ್ಲ. ಅಡ್ಡ ಹಾಕುತ್ತಾ ಹೋಗುತ್ತಾರೆ, ಚೌಕಟ್ಟು ತುಂಬುತ್ತಾ ಬರುತ್ತದೆ. ಆಟದ ನಿಜವಾದ ತೀರ್ಮಾನ ಆಗುವುದು ಕೊನೆಯ ಹತ್ತು ಹನ್ನೆರಡು ಬಿಲ್ಲೆಗಳಲ್ಲಿ. ನಡುಗಂಬದ ಮಹಿಮೆಯ ಉಳಿದರ್ಧ ಇರುವುದೂ ಅಲ್ಲೇ, ಅದು ಸರಿ-ಬೆಸದ ಲೆಕ್ಕ.

ಕಂಬದಲ್ಲಿ ಆರು ಮನೆ. ಆರು ಸರಿಸಂಖ್ಯೆ. ಎರಡನೆಯವರಾಗಿ ಆಡುವ ಹಳದಿ ತಲೆಗೆ ಕೆಲಸ ಕೊಡದೆ ಒಂದೇ ನೇಮ ಹಿಡಿದರು ಅನ್ನಿ: ಕೆಂಪು ಯಾವ ಕಂಬಕ್ಕೆ ಬಿಟ್ಟರೂ ತಾನೂ ಅದೇ ಕಂಬಕ್ಕೆ, ಅದರ ಮೇಲೆಯೇ ಬಿಡುವುದು. ಆಗ ಎಲ್ಲ ಕಂಬಗಳಲ್ಲೂ 1, 3, 5ನೇ ಮನೆ ಕೆಂಪಿಗೆ, 2, 4, 6ನೇ ಮನೆ ಹಳದಿಗೆ. ಇದು ನೋಡಲು ಸೋಮಾರಿ ಉಪಾಯ, ಆದರೆ ಅದು ಮಾಡುವ ಕೆಲಸ ದೊಡ್ಡದು. ನೆಟ್ಟಗೆ ಒಂದರ ಮೇಲೊಂದು ನಾಲ್ಕು ಮನೆ ಹಿಡಿದರೆ ಅದರಲ್ಲಿ ಎರಡು ಸರಿಮನೆ ಬಂದೇ ಬರುತ್ತವೆ. ಓರೆಯಲ್ಲೂ ಅಷ್ಟೇ. ಆದ್ದರಿಂದ ಕೆಂಪಿಗೆ ನೆಟ್ಟ ಸಾಲು ಒಂದೂ ಸಿಗದು, ಓರೆ ಸಾಲು ಒಂದೂ ಸಿಗದು, ಸರಿಮನೆಗಳ ಅಡ್ಡಸಾಲೂ ಸಿಗದು. 69ರಲ್ಲಿ 57 ಸಾಲುಗಳು ಒಂದೇ ಏಟಿಗೆ ಹೋದವು. ಉಳಿಯುವುದು 1, 3 ಮತ್ತು 5ನೇ ಮಟ್ಟದ ಅಡ್ಡಸಾಲುಗಳು ಮಾತ್ರ, ಮಟ್ಟಕ್ಕೆ ನಾಲ್ಕರಂತೆ 12.

ಆ ಹನ್ನೆರಡೂ ಅಡ್ಡಸಾಲುಗಳಾದ್ದರಿಂದ ನಡುಗಂಬವನ್ನು ದಾಟಲೇಬೇಕು. ಅಂದರೆ ಕೆಂಪಿನ ಉಳಿದ ಆಸೆಯೆಲ್ಲ ನಡುಗಂಬದ ಮೂರು ಮನೆಗಳ ಮೇಲೆ ನಿಂತಿದೆ, 1, 3 ಮತ್ತು 5ನೆಯದು. ಕೆಂಪು ಮೊದಲ ಬಿಲ್ಲೆಯನ್ನೇ ಅಲ್ಲಿ ಇಟ್ಟು, ಹಳದಿ ನೆತ್ತಿಯ ಮೇಲೆ ಕೂತು, ಮತ್ತೆ ಕೆಂಪು, ಮತ್ತೆ ಹಳದಿ ಎಂದು ಆ ಕಂಬ ತುಂಬಿದರೆ ಈ ಮೂರೂ ಕೆಂಪಿನ ಪಾಲಾಗುತ್ತವೆ, ಹನ್ನೆರಡು ದಾರಿಯೂ ತೆರೆದಿರುತ್ತವೆ. ಕೆಂಪು ಬೇರೆ ಕಂಬದಲ್ಲಿ ಶುರು ಮಾಡಿ ಹಳದಿ ನಡುಗಂಬದ ಕೆಳಮನೆಗೆ ಬಂದು ಕೂತಿತೋ, ಕೆಳಮಟ್ಟದ ನಾಲ್ಕು ದಾರಿ ಆ ಕ್ಷಣಕ್ಕೇ ಮುಚ್ಚಿದವು. ಮೊದಲ ನಡೆಯಲ್ಲಿ ನಡುಗಂಬ ಹಿಡಿಯುವುದಕ್ಕೆ ಇರುವ ಬೆಲೆ ನನಗೆ ಸ್ಪಷ್ಟವಾಗಿ ಕಾಣುವುದು ಈ ಲೆಕ್ಕದಲ್ಲಿ. ‘ಏಳು ಸಾಲು ದೊಡ್ಡದು, ಐದು ಸಾಲು ಚಿಕ್ಕದು’ ಎಂಬ ಎಣಿಕೆಯಲ್ಲಿ ಅಷ್ಟಾಗಿ ಅಲ್ಲ.

ಹಳದಿ ತನ್ನ ನೇಮವನ್ನು ಕುರುಡಾಗಿ ನಡೆಸಿದರೆ ಏನಾಗುತ್ತದೆಂದು ಮೇಲಿನ ಬಲೆಯಲ್ಲೇ ಕಂಡೆವು: ಕೆಂಪು ಕೆಳಮಟ್ಟದಲ್ಲೇ ನಾಲ್ಕು ಜೋಡಿಸಿ ಏಳನೆಯ ಬಿಲ್ಲೆಗೆ ಆಟ ಮುಗಿಸುತ್ತದೆ. ಹಾಗಾಗಿ ಹಳದಿ ಎಲ್ಲೋ ಒಂದು ಕಡೆ ನೇಮ ಮುರಿದು ಅಡ್ಡ ಬರಲೇಬೇಕು. ಮುರಿದರೆ ದಂಡ ತೆರಬೇಕು. ಕೆಂಪು 5ನೇ ಕಂಬದ ಕೆಳಮನೆಗೆ ಬಂದಾಗ ಹಳದಿ 6ನೇ ಕಂಬದ ಕೆಳಮನೆಗೆ ಹೋಗಿ ತಡೆಯಿತು ಅನ್ನಿ. ಈಗ 5 ಮತ್ತು 6, ಎರಡೂ ಕಂಬಗಳ ಎರಡನೇ ಮನೆ ತೆರೆದಿವೆ, ಆಡುವ ಸರದಿ ಕೆಂಪಿನದು. ಮೊದಲಿದ್ದ ನೇಮದಲ್ಲಿ ಎರಡೂ ಹಳದಿಗೆ ಸೇರಬೇಕಿದ್ದವು. ಈಗ ಕೆಂಪು ಬೇಕೆಂದರೆ ಒಂದನ್ನು ಕಸಿಯಬಹುದು. ಕಸಿದಾಗ ಇನ್ನೊಂದಕ್ಕೆ ಹೋಗುವುದಷ್ಟೇ ಹಳದಿಗೆ ಖಾತರಿ. ಸರಿಮನೆಯೊಂದು ಕೆಂಪಿನ ಕೈಗೆ ಬಂತು ಅಂದರೆ ಸತ್ತಿದ್ದ ಓರೆ ಸಾಲುಗಳಿಗೆ ಜೀವ ಬಂತು. ಹಳದಿ ಒಂದು ಕಿಂಡಿ ಮುಚ್ಚಿದರೆ ಇನ್ನೊಂದು ತೆರೆಯುತ್ತದೆ, ಅದನ್ನು ಮುಚ್ಚಲು ಮತ್ತೊಂದು. ನಡುಗಂಬದಲ್ಲಿ ಶುರುವಾದ ಆಟದಲ್ಲಿ ಮುಚ್ಚಬೇಕಾದ ಕಿಂಡಿಗಳು ಹಳದಿಯ ಕೈಮೀರುವಷ್ಟು ಇವೆ, ಅಷ್ಟೇ.

ಕೊನೆಯ ಘಟ್ಟದಲ್ಲಿ ಕೆಂಪಿಗೆ ಬೇಕಾಗುವುದು ಒಂದು ‘ಬೆಸದ ಮನೆ’. ಹಾಗೆಂದರೆ ಮೂರು ಕೆಂಪು ಬಿಲ್ಲೆ ಆಗಲೇ ಕೂತಿವೆ, ನಾಲ್ಕನೆಯದಕ್ಕೆ ಬೇಕಾದ ಮನೆ ಮಾತ್ರ ಖಾಲಿ, ಆ ಮನೆ 3 ಅಥವಾ 5ನೇ ಮಟ್ಟದಲ್ಲಿದೆ, ಅದರ ಕೆಳಗಿನ ಮನೆ ಇನ್ನೂ ತುಂಬಿಲ್ಲ. ಆ ಕೆಳಗಿನ ಮನೆಗೆ ಹಳದಿ ಕಾಲಿಟ್ಟರೆ ಕೆಂಪು ಮರುನಡೆಯಲ್ಲಿ ಗೆಲ್ಲುತ್ತದೆ. ಕೆಂಪೇ ಕಾಲಿಟ್ಟರೆ ಹಳದಿ ಮೇಲೆ ಕೂತು ಗೆಲುವನ್ನು ಕೆಡಿಸುತ್ತದೆ. ಇಬ್ಬರೂ ಆ ಕಂಬದಿಂದ ದೂರ ನಿಂತು ಬೇರೆ ಕಡೆ ತುಂಬುತ್ತಾರೆ. ಬೇರೆ ಕಡೆ ಜಾಗ ತೀರಿದಾಗ ಯಾರ ಸರದಿ ಇರುತ್ತದೋ ಅವರು ಬೇಡವೆಂದರೂ ಅಲ್ಲಿಗೇ ಬಿಡಬೇಕು. ‘ಈ ಸಲ ನಾನು ಆಡುವುದಿಲ್ಲ’ ಅನ್ನುವ ಹಾಗಿಲ್ಲ.

ಒಂದು ಕೊನೆಯಾಟವನ್ನು ಬಿಲ್ಲೆ ಬಿಲ್ಲೆಯಾಗಿ ಆಡಿ ನೋಡೋಣ. ಚೌಕಟ್ಟು ಮನೆಯಲ್ಲಿದ್ದರೆ ಎದುರಿಗಿಟ್ಟುಕೊಳ್ಳಿ. 3ನೇ ಮಟ್ಟದಲ್ಲಿ 4, 5, 6ನೇ ಕಂಬಗಳಲ್ಲಿ ಕೆಂಪು ಕೂತಿದೆ, 3ನೇ ಕಂಬದಲ್ಲಿ ಹಳದಿ ತಡೆದಿದೆ. ಹಾಗಾಗಿ ಕೆಂಪಿಗೆ 7ನೇ ಕಂಬದ ಮೂರನೇ ಮನೆ ಬೇಕು. ಹಳದಿಗೂ ಒಂದು ಆಸೆ ಇದೆ: 2ನೇ ಮಟ್ಟದಲ್ಲಿ 3, 4, 5ನೇ ಕಂಬಗಳು ಅದರವು, 2ನೇ ಕಂಬದ ಎರಡನೇ ಮನೆ ಸಿಕ್ಕಿದರೆ ಗೆಲುವು. 2 ಮತ್ತು 7ನೇ ಕಂಬಗಳು ಪೂರ್ತಿ ಖಾಲಿ, ಉಳಿದ ಐದು ಕಂಬಗಳು ಭರ್ತಿ. ಬೇರೆ ಯಾವ ಸಾಲಿನ ಭಯವೂ ಇಬ್ಬರಿಗೂ ಇಲ್ಲವೆಂದು ಇಟ್ಟುಕೊಳ್ಳೋಣ. ಮೂವತ್ತು ಬಿಲ್ಲೆ ಬಿದ್ದಿವೆ, ಸರದಿ ಕೆಂಪಿನದು.

ಹಳದಿಯ ಗುರಿ ಎರಡನೇ ಮನೆ, ಕೆಂಪಿನದು ಮೂರನೇ ಮನೆ. ಮೇಲ್ನೋಟಕ್ಕೆ ಹಳದಿಯೇ ಮುಂದಿದೆ. ಕೆಂಪು 2ನೇ ಕಂಬಕ್ಕೆ ಬಿಟ್ಟರೆ ಹಳದಿ ಅದರ ಮೇಲೆ ಕೂತು ಗೆದ್ದೇಬಿಡುತ್ತದೆ. ಆದ್ದರಿಂದ ಕೆಂಪು 7ಕ್ಕೆ ಬಿಡುತ್ತದೆ. ಈಗ ಹಳದಿ 7ಕ್ಕೆ ಬರುವಂತಿಲ್ಲ, ಬಂದರೆ ಮೂರನೇ ಮನೆ ತೆರೆದು ಕೆಂಪು ಗೆಲ್ಲುತ್ತದೆ. ಉಳಿದದ್ದು 2ನೇ ಕಂಬ. ಹಳದಿ ಅದರ ಮೊದಲ ಮನೆಗೆ ತಾನೇ ಹೋಗಬೇಕಾಯಿತು. ತಾನು ಕಾಯುತ್ತಿದ್ದ ಎರಡನೇ ಮನೆಯನ್ನು ಕೆಂಪಿಗೆ ತೆರೆದುಕೊಟ್ಟಿತು. ಕೆಂಪು ಅಲ್ಲಿ ಕೂರುತ್ತದೆ. ಹಳದಿ ಮೂರನೆಯದಕ್ಕೆ, ಕೆಂಪು ನಾಲ್ಕನೆಯದಕ್ಕೆ, ಹಳದಿ ಐದಕ್ಕೆ, ಕೆಂಪು ಆರಕ್ಕೆ. 2ನೇ ಕಂಬ ತುಂಬಿತು. ಸರದಿ ಹಳದಿಯದು, ಇಡೀ ಚೌಕಟ್ಟಿನಲ್ಲಿ ಉಳಿದಿರುವ ದಾರಿ 7ನೇ ಕಂಬ ಒಂದೇ. ಹಳದಿ ಎರಡನೇ ಮನೆಗೆ ಬಿಡುತ್ತದೆ, ಕೆಂಪು ಮೂರನೇ ಮನೆಗೆ. 39ನೇ ಬಿಲ್ಲೆಗೆ ಆಟ ಮುಗಿಯಿತು.

ಇಲ್ಲಿ ನಡೆದದ್ದೇನು? ಹಳದಿಯ ಬಲವೆಲ್ಲ ‘ಕಂಬಗಳಲ್ಲಿ ಸರಿಸಂಖ್ಯೆಯ ಮನೆಗಳಿವೆ’ ಎಂಬುದರಲ್ಲಿತ್ತು. ಕೆಂಪಿನ ಬೆಸದ ಮನೆ 7ನೇ ಕಂಬವನ್ನು ಒಂದೇ ಬಿಲ್ಲೆಗೆ ನಿಲ್ಲಿಸಿಬಿಟ್ಟಿತು. ಒಂದು ಕಂಬದಲ್ಲಿ ಒಂದೇ ಬಿಲ್ಲೆ ಬಿದ್ದು ನಿಂತಾಗ ಮಿಕ್ಕೆಲ್ಲ ಕಡೆ ಸರದಿ ತಿರುಗುಮುರುಗಾಯಿತು. ಹಳದಿಗೆ ಬರಬೇಕಾದ ಸರಿಮನೆಗಳು ಕೆಂಪಿಗೆ ಬಂದವು. ಒಳ್ಳೆಯ ಬೆಸದ ಮನೆ ಒಂದಿದ್ದರೆ ಅದು ಬೇರೆ ಕಂಬದಲ್ಲಿರುವ ಎದುರಾಳಿಯ ಸರಿಮನೆಯನ್ನೂ ಕೆಡಿಸುತ್ತದೆ ಎಂಬುದು ಈ ಆಟದಲ್ಲಿ ನುರಿತವರೆಲ್ಲ ಬಲ್ಲ ಸಂಗತಿ. ಹೀಗೆಂದು ಬೆಸದ ಮನೆ ಸಿಕ್ಕಿದ್ದೇ ತಡ ಗೆದ್ದೆನೆಂದು ಕೂರುವಂತಿಲ್ಲ. ಅದೇ 7ನೇ ಕಂಬದ ಎರಡನೇ ಮನೆಯಲ್ಲಿ ಹಳದಿಗೂ ಒಂದು ಗೆಲುವಿನ ಮನೆ ಇದ್ದಿದ್ದರೆ ಕೆಂಪಿನ ಮೂರನೇ ಮನೆಗೆ ಮೂರು ಕಾಸಿನ ಬೆಲೆಯಿಲ್ಲ. ಕೆಳಗಿರುವ ಗುರಿಗೇ ಮೊದಲ ಹಕ್ಕು.

ಇಷ್ಟೆಲ್ಲ ಹೇಳಿದ ಮೇಲೂ ಒಂದು ಮಾತು ಒಪ್ಪಬೇಕು. ನಡುಗಂಬದಿಂದ ಶುರು ಮಾಡಿದರೆ ಅನುಕೂಲ ಯಾಕೆಂದು ಈ ಲೆಕ್ಕ ತೋರಿಸುತ್ತದೆಯೇ ಹೊರತು, ಗೆಲುವು ಖಚಿತವೆಂದು ಸಾಧಿಸುವುದಿಲ್ಲ. ಅದನ್ನು ಸಾಧಿಸಲು ಹಳದಿಯ ಪ್ರತಿಯೊಂದು ಉತ್ತರಕ್ಕೂ ಕೆಂಪಿನ ಬಳಿ ಮದ್ದಿದೆಯೆಂದು ತೋರಿಸಬೇಕು. ನಿಯಮದಂತೆ ಆಡಿದಾಗ ಈ ಚೌಕಟ್ಟಿನಲ್ಲಿ ಮೂಡಬಹುದಾದ ಸ್ಥಿತಿಗಳು ಸುಮಾರು ನಾಲ್ಕೂವರೆ ಲಕ್ಷ ಕೋಟಿ. ಕೈಲೆಕ್ಕಕ್ಕೆ ಸಿಗುವ ಮಾತಲ್ಲ. 1988ರ ಅಕ್ಟೋಬರ್ 1ರಂದು ಅಮೆರಿಕದ ಜೇಮ್ಸ್ ಡೌ ಅಲೆನ್, ಅದಾದ ಹದಿನೈದು ದಿನಕ್ಕೆ, ಅಕ್ಟೋಬರ್ 16ರಂದು, ನೆದರ್ಲೆಂಡ್ಸ್‌ನ ವಿಕ್ಟರ್ ಅಲಿಸ್, ಒಬ್ಬರ ಕೆಲಸ ಇನ್ನೊಬ್ಬರಿಗೆ ತಿಳಿಯದೆ, ಕಂಪ್ಯೂಟರಿನ ನೆರವಿನಿಂದ ಇದನ್ನು ಸಾಧಿಸಿದರು. ಅಲಿಸ್ ಆಗ ಆಮ್‌ಸ್ಟರ್‌ಡ್ಯಾಮಿನಲ್ಲಿ ಸ್ನಾತಕೋತ್ತರ ವಿದ್ಯಾರ್ಥಿ. ಎಲ್ಲ ಸ್ಥಿತಿಗಳನ್ನೂ ಬರೀ ಬಲದಿಂದ ಜಾಲಾಡುವ ಬದಲು ಅವರು ಒಂಬತ್ತು ನಿಯಮಗಳನ್ನು ಕಟ್ಟಿಕೊಂಡರು. ಒಂದು ಸ್ಥಿತಿಯಲ್ಲಿ ಎದುರಾಳಿಗೆ ಉಳಿದಿರುವ ಸಾಲುಗಳನ್ನೆಲ್ಲ ಈ ನಿಯಮಗಳಿಂದಲೇ ಮುಚ್ಚಬಹುದೆಂದು ಕಂಡರೆ ಅಲ್ಲಿಂದ ಮುಂದೆ ಹುಡುಕುವ ಅಗತ್ಯವಿಲ್ಲ. ಅವುಗಳಲ್ಲಿ ಮೊದಲನೆಯದು ನಾವು ಮೇಲೆ ನೋಡಿದ ‘ನೆತ್ತಿಯ ಮೇಲೆ ಕೂರುವ’ ನೇಮವೇ. ‘ಎರಡು ತೆರೆದ ಮನೆಗಳಲ್ಲಿ ಒಂದಾದರೂ ನನಗೆ’ ಎಂಬುದು ಇನ್ನೊಂದು. ಪ್ರೋಗ್ರಾಮಿಗೆ ಅವರು ಇಟ್ಟ ಹೆಸರು ವಿಕ್ಟರ್. ಸ್ವಂತ ಹೆಸರೂ ಆಯಿತು, ವಿಜಯಿ ಎಂಬ ಅರ್ಥವೂ ಬಂತು.

ಲೆಕ್ಕ ಪೂರ್ತಿಯಾದಾಗ ಹೊರಬಂದ ಅಂತರ ಎಷ್ಟು ಸಣ್ಣದೆಂದು ನೋಡಿ. ಇಬ್ಬರೂ ತಪ್ಪಿಲ್ಲದೆ ಆಡಿದರೆ, ನಡುಗಂಬದಿಂದ ಹೊರಟ ಕೆಂಪು ಗೆಲ್ಲುವುದು 41ನೇ ಬಿಲ್ಲೆಗೆ. ಅದು ಕೆಂಪಿನ ಕಟ್ಟಕಡೆಯ ಬಿಲ್ಲೆ; ಆಮೇಲೆ ಉಳಿಯುವುದು ಒಂದೇ ಮನೆ. ನಡುವಿನ ಅಕ್ಕಪಕ್ಕದ ಕಂಬಗಳಲ್ಲಿ, ಅಂದರೆ 3 ಅಥವಾ 5ರಲ್ಲಿ ಶುರು ಮಾಡಿದರೆ ಆಟ ಸಮ. 2 ಅಥವಾ 6ರಲ್ಲಿ ಶುರು ಮಾಡಿದರೆ ಸೋಲು, ಹಳದಿ 42ನೇ, ಕೊನೆಯ ಬಿಲ್ಲೆಗೆ ಗೆಲ್ಲುತ್ತದೆ. ತೀರಾ ಅಂಚಿನ 1 ಅಥವಾ 7ರಲ್ಲಿ ಶುರು ಮಾಡಿದರೆ 40ನೆಯದಕ್ಕೇ ಸೋಲು. ಮೊದಲು ಆಡುವುದೇ ಲಾಭ ಅನ್ನುವವರು ಇದನ್ನು ಗಮನಿಸಬೇಕು: ಏಳು ಆಯ್ಕೆಗಳಲ್ಲಿ ಒಂದರಲ್ಲಿ ಗೆಲುವು, ಎರಡರಲ್ಲಿ ಸಮ, ನಾಲ್ಕರಲ್ಲಿ ಸೋಲು.

ಇದರಿಂದ ಮನೆಯ ಆಟ ಕೆಟ್ಟುಹೋಯಿತೆಂದು ಹೆದರಬೇಕಿಲ್ಲ. ನಡುಗಂಬದಿಂದ ಹೊರಟವರು ಆಮೇಲಿನ ಇಪ್ಪತ್ತು ನಡೆಗಳನ್ನೂ ಗೆಲುವು ಕೈತಪ್ಪದಂತೆ ಆಡಬೇಕು, ಅದು ಯಾವ ಮನುಷ್ಯನಿಗೂ ಸಲೀಸಲ್ಲ. ಎರಡನೆಯವರು ಮಾಡಬೇಕಾದದ್ದು ಆಟವನ್ನು ಉದ್ದಕ್ಕೆ ಎಳೆಯುವುದು. ನಡುವೆ ಬಿದ್ದ ಬಿಲ್ಲೆಯ ನೆತ್ತಿಯ ಮೇಲೆಯೇ ತಮ್ಮದನ್ನು ಕೂರಿಸುವುದು ಅವರಿಗಿರುವ ಒಳ್ಳೆಯ ಉತ್ತರ. ಬೇರೆ ಯಾವ ಕಂಬಕ್ಕೆ ಹೋದರೂ ಸೋಲು ಇನ್ನಷ್ಟು ಬೇಗ ಬರುತ್ತದೆ. ಆಮೇಲೆ ಕೆಂಪಿಗೆ 3 ಅಥವಾ 5ನೇ ಮಟ್ಟದಲ್ಲಿ ಬೆಸದ ಮನೆ ಹುಟ್ಟದಂತೆ ಕಾಯಬೇಕು. ಹುಟ್ಟಿತೆಂದು ತಿಳಿಯುವುದು ಸುಲಭ: ಚೌಕಟ್ಟು ಮುಕ್ಕಾಲು ತುಂಬಿದಾಗ ನೀವು ಯಾವ ಕಂಬದ ಕಡೆ ಹೋಗಲು ಹಿಂಜರಿಯುತ್ತಿದ್ದೀರೋ ಆ ಕಂಬದಲ್ಲಿ ಉಳಿದ ಮನೆಗಳನ್ನು ಕೆಳಗಿನಿಂದ ಎಣಿಸಿ ನೋಡಿ.

ಏಳು ಕಂಬ, ಆರು ಮನೆ ಎಂಬ ಅಳತೆ ಬದಲಾದರೆ ಫಲಿತಾಂಶವೂ ಬದಲಾಗುತ್ತದೆ. ಎಂಟು ಕಂಬಗಳಿದ್ದರೆ ನಡುಗಂಬ ಎಂಬುದೇ ಇರುವುದಿಲ್ಲ. 4ನ್ನು ಹಿಡಿದರೆ 5ರಿಂದ 8ರವರೆಗೆ ಒಂದು ಅಡ್ಡಸಾಲು ತಪ್ಪಿಸಿಕೊಳ್ಳುತ್ತದೆ, 5ನ್ನು ಹಿಡಿದರೆ ಆ ಬದಿಯದು. ಎಂಟು ಕಂಬ, ಎಂಟು ಮನೆಯ ಚೌಕಟ್ಟಿನ ಲೆಕ್ಕವನ್ನು ಜಾನ್ ಟ್ರಾಂಪ್ 2015ರಲ್ಲಿ ಮುಗಿಸಿದಾಗ ಗೆಲುವು ಎರಡನೆಯ ಆಟಗಾರನ ಪಾಲಾಗಿತ್ತು.